ಹಿಂದಿನ ಸಾಲಿನಾಗ ನಿಂತವರು

ವೇದಿಕೆ ಮ್ಯಾಲಿರೋ ಹೆಡ್‌ಮಾಸ್ತರ್ರೇ, ಊರಿನ ಹಿರಿಯರೇ, ಇವತ್ತು ನಿವೃತ್ತಿ ಆಗ್ಲಿಕತ್ತಿರೋ ನಮ್ಮ ಮಲ್ಲಣ್ಣ ಸರ, ಅವರ ಮನಿಯವರೇ, ಎಲ್ಲರಿಗೂ ಶರಣು.

ಈ ಫೋಟೊ ಹೋದ ವಾರ ಸಾಲಿ ಕಪಾಟಿನಾಗ, ಹಳೇ ಹಾಜರಿ ಪುಸ್ತಕದ ಸಂದ್ಯಾಗ ಸಿಕ್ತು. ದೊಡ್ಡದು ಮಾಡಿಸಿ ಇಲ್ಲಿ ಇಟ್ಟೀವಿ. ಮುಂದಿನ ಕರಿಹಲಗಿ ಓದ್ರಿ: 26-1-1996, ಜಿಲ್ಲಾ ಗುಲಬರ್ಗಾ. ನಮ್ಮ ಯಾದಗಿರಿ ಜಿಲ್ಲಾ ಆಗಿದ್ದು 2009ರ ಕೊನಿಗೆ. ಅಲ್ಲಿತನಕ ಜಿಲ್ಲಾ ಆಫೀಸಿನ ಕೆಲಸ ಅಂದ್ರ ಗುಲಬರ್ಗಾ ಬಸ್ಸೇ ಹತ್ತಬೇಕಿತ್ತು.

ನಟ್ಟನಡುವ ಕುಂತವರು ಆಗಿನ ಹೆಡ್‌ಮಾಸ್ತರ್ರು. ಎಡಕ ಹಿಂದಿ ಶಾಂತಾ ಅಕ್ಕೋರು. ಅವರು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ್ರು ಅಂದ್ರ ಬಾಜೂ ಕ್ಲಾಸಿನ ಮಾಸ್ತರ್ರಿಗೂ ವಾಸನಿ ಹೋಗ್ತಿತ್ತು. ಬಲಕ ಪಿ.ಟಿ. ಖಾದರ್ ಸರ.

ಖಾದರ್ ಸರ ಬಾಜೂಕ ನಿಂತವರ ಮಾರಿ ಹುಳ ತಿಂದದ. ಯಾರಂತ ಮೂರು ದಿನ ಜಗ್ಗಿ ತಲಿ ಕೆಡಿಸಿಕೊಂಡ್ವಿ. ಕಡಿಗೆ ಗುರ್ತು ಹಚ್ಚಿದ್ದು ಕೈ ನೋಡಿ. ಬಲಗೈಗೆ ಗಡಿಯಾರ, ತೋರಬೆರಳಿಗೆ ಕೆಂಪು ಮಸಿ. ವಿಜ್ಞಾನದ ಬಸವರಾಜ ಸರ. ಅವರು ಈಗಿಲ್ಲ. ಅವರ ಮಗಳು ಎರಡನೇ ಸಾಲಿನಾಗ ಕುಂತಾಳ, “ಇದು ನಮ್ಮಪ್ಪಂದೇ ಕೈ” ಅಂತ ಹೇಳಿದ್ದು ಆಕಿನೇ.

ಇನ್ನ ಹಿಂದಿನ ಸಾಲಿನಾಗ ಎದಿ ಸೆಟೆದು ನಿಂತ ಈ ದೊಡ್ಡ ಮೀಸಿಯವರು? ಶಾಂತಾ ಅಕ್ಕೋರು “ಡ್ರಾಯಿಂಗ್ ಮಾಸ್ತರ್” ಅಂದ್ರು. ಖಾದರ್ ಸರ “ಇಲ್ಲ, ಎಲೆಕ್ಷನ್ ಡ್ಯೂಟಿಗೆ ಬಂದವರು” ಅಂದ್ರು. ಸಿಪಾಯಿ ಹಣಮಂತ ಕಾಕಾಗ ಫೋನ್ ಹಚ್ಚಿದ್ರ, “ಅಯ್ಯ, ಅಂವ ವಸ್ತಿ ಬಸ್ಸಿನ ಕಂಡಕ್ಟರ್! ಝಂಡಾ ಆದಮ್ಯಾಲ ಕಟ್ಟಿ ಮ್ಯಾಲ ಕುಂತು ಚುಡಾ ತಿನ್ಲಿಕತ್ತಿದ್ದ, ನಾನೇ ಕರದು ನಿಲ್ಲಿಸಿದೆ” ಅಂದ್ರು! ಫೋಟೊದಾಗ ಅವರಷ್ಟು ಠೀವಿ ನಡುವ ಕುಂತ ಹೆಡ್‌ಮಾಸ್ತರ್ರಿಗೂ ಇಲ್ಲ. ಆದ್ರ ಅವರು ಅಲ್ಲಿರಬೇಕಾದವರೇ. ಎಸ್ಸೆಸ್ಸೆಲ್ಸಿ ಪರೀಕ್ಷಾ ದಿನ ಕಡೀ ಹುಡುಗ ಹತ್ತೋತನಕ ಅವರು ಸೀಟಿ ಊದ್ತಿರ್ಲಿಲ್ಲ. ಅಂಥವರ ಹೆಸರೇ ನಮಗ ಯಾರಿಗೂ ನೆನಪಿಲ್ಲ ಅನ್ನೋದು ಕರಳಿಗೆ ಹತ್ತತದ.

ತುದಿಗೆ ನಿಂತ ಈ ತೆಳ್ಳನ ಹುಡುಗನ್ನ ಮಕ್ಕಳು ಗುರ್ತು ಹಿಡಿಲಿಲ್ಲ. ಬಗಲಾಗ ಕಟ್ಟಿಗಿ ಕೈವಾರ ನೋಡ್ರಿ. ನಮ್ಮ ಮಲ್ಲಣ್ಣ ಸರ! ಫೋಟೊಕ್ಕೂ ಕೈವಾರ ಕೆಳಗ ಇಟ್ಟಿಲ್ಲ. ನಡುವ ಬ್ಯಾರೆ ಊರುಗಳಿಗೆ ವರ್ಗ ಆಗಿ, ಕಡೀ ಎಂಟು ವರ್ಷ ಮತ್ತ ಇದೇ ಸಾಲಿಗೆ ಬಂದ್ರು. ಗಣಿತ ಅಂದ್ರ ಓಡಿಹೋಗ್ತಿದ್ದ ಹೆಣ್ಣುಮಕ್ಕಳು ಸಂಜಿ ಐದಕ್ಕೂ ಮನಿಗೆ ಹೋಗದಂಗ ಮಾಡಿದವರು ಇವರು.

ಸರ, ಊಟಕ್ಕ ಮುಂಚೆ ಹೊರಗ ಬೇವಿನಗಿಡದ ಕೆಳಗ ಇನ್ನೊಂದು ಫೋಟೊ ತಗಸೋಣು. ಅಡಗಿ ಅಕ್ಕಗಳು, ಹೊರಗ ನಿಂತ ಟಂಟಂ ಡ್ರೈವರ್, ಎಲ್ಲರೂ ಬರ್ರಿ. ಹಿಂದ ಹೆಸರು ಬರೆಯೋ ಕೆಲಸ ಮಾತ್ರ ನಿಮ್ಮದೇ ಸರ. ನಿಮ್ಮ ಅಕ್ಷರ ದುಂಡಗ ಅವ.