ನಾನು ಕಾಲೇಜಿಗೆ ಹೋದೆ, ತಮ್ಮ ಫ್ಯಾಕ್ಟರಿಗೆ ಹೋದ

ನಾನು ದಾವಣಗೆರೆಯಲ್ಲಿ ಮೂರು ವರ್ಷ ಬಿ.ಕಾಂ. ಓದಿದೆ. ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಿ ಎರಡು ವರ್ಷ ಫಿಟ್ಟರ್ ಕಲಿತ. ಆಮೇಲೆ ಹರಿಹರದ ಕಡೆ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದ. ತಿಂಗಳ ಮೊದಲ ವಾರ ಅಪ್ಪ ನನಗೆ ಫೀಸು, ಬಸ್ ಪಾಸು ಅಂತ ದುಡ್ಡು ಎಣಿಸಿ ಕೊಡುತ್ತಿದ್ದರು. ಅದೇ ವಾರ ತಮ್ಮ, ಕಲಿಯುತ್ತಲೇ ಸಿಗುತ್ತಿದ್ದ ಸ್ಟೈಪೆಂಡ್ ದುಡ್ಡನ್ನು ಅಮ್ಮನ ಕೈಗೆ ಕೊಡುತ್ತಿದ್ದ. ಕಾಲೇಜೋ ಅಪ್ರೆಂಟಿಸೋ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದೇ. ಕಲಿಯುವ ವರ್ಷಗಳ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಬಡವರ ಮನೆಯಲ್ಲಿ ಉಳಿದ ಪ್ರಶ್ನೆಗಳೆಲ್ಲ ಆಮೇಲೆ ಬರುತ್ತವೆ.

ಅಪ್ರೆಂಟಿಸ್ ಕಾಯ್ದೆ 1961ರದ್ದು. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ, ಒಟ್ಟು ಕೆಲಸಗಾರರ ಲೆಕ್ಕದಲ್ಲಿ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ ಇಷ್ಟು ಅಂತ ಹೇಳಿತು: ಹತ್ತನೇ ತರಗತಿ ಪಾಸಾದವರಿಗೆ 6,000 ರೂಪಾಯಿ, ಪಿಯುಸಿ ಅಥವಾ ಐಟಿಐ ಆದವರಿಗೆ 7,000. ಇದರಲ್ಲಿ ಕಾಲು ಭಾಗವನ್ನು, ಹೆಚ್ಚೆಂದರೆ 1,500 ರೂಪಾಯಿಯನ್ನು, ಕೇಂದ್ರ ಸರ್ಕಾರ ಕೊಡುವ ಯೋಜನೆ 2016ರಲ್ಲಿ ಶುರುವಾಯಿತು. ಕೊನೆಯಲ್ಲಿ ಪರೀಕ್ಷೆ ಪಾಸಾದರೆ ದೇಶದ ಎಲ್ಲ ಕಡೆ ನಡೆಯುವ ಸರ್ಟಿಫಿಕೇಟ್.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಕಾಯ್ದೆಯ ಲೆಕ್ಕದಲ್ಲಿ ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕನಲ್ಲ. ಕರಾರಿನಲ್ಲಿ ಬರೆದಿಲ್ಲದಿದ್ದರೆ, ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕು ಅಂತಲೂ ಇಲ್ಲ. ನನ್ನ ತಮ್ಮನಿಗೆ ಮೊದಲ ಮೂರು ತಿಂಗಳು ಗುಡಿಸುವುದು, ಪೆಟ್ಟಿಗೆ ಹೊರುವುದು ಬಿಟ್ಟು ಬೇರೆ ಏನೂ ಸಿಗಲಿಲ್ಲ. ರಾತ್ರಿ ಬಂದು ಮಾತಾಡದೆ ಮಲಗಿಬಿಡುತ್ತಿದ್ದ. ಆಮೇಲೆ ಒಬ್ಬ ಹಿರಿಯ ಫಿಟ್ಟರ್ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಬೇರಿಂಗ್ ಹೋಗುವ ಮುಂಚೆ ಮಷಿನ್ ಹೇಗೆ ಸದ್ದು ಮಾಡುತ್ತದೆ ಅಂತ ಕೇಳಿಸಿಕೊಳ್ಳಲು ಕಲಿಸಿದರು. ಕಲಿಸುವ ಮನುಷ್ಯ ಸಿಕ್ಕರೆ ಮಾತ್ರ ಅಪ್ರೆಂಟಿಸ್‌ಶಿಪ್. ಇಲ್ಲದಿದ್ದರೆ ಅದು ಸುಮ್ನೆ ಕಡಿಮೆ ಸಂಬಳದ ಕೂಲಿ.

ನಮ್ಮ ಅಜ್ಜ ಕಾಲೇಜಿನ ಪರ. ಅವರು ಹತ್ತಿ ಗಿರಣಿಯಲ್ಲಿ ದುಡಿದವರು. ಆಗ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ನಿಂತಿತು. "ಡಿಗ್ರಿಗೆ ಯಾರೂ ಬೀಗ ಹಾಕಲ್ಲ ಕಣವ್ವಾ" ಅನ್ನುತ್ತಾರೆ ಅಜ್ಜ. ಅವರ ಭಯ ನನಗೆ ಅರ್ಥವಾಗುತ್ತದೆ.

ಕಾಲೇಜು ನನಗೆ ಕೆಲಸ ಕಲಿಸಲಿಲ್ಲ. ಟ್ಯಾಲಿ, ಜಿಎಸ್‌ಟಿ ಎಲ್ಲ ಕಲಿತದ್ದು ಡಿಗ್ರಿ ಮುಗಿದ ಮೇಲೆ, ಒಬ್ಬ ಆಡಿಟರ್ ಆಫೀಸಿನಲ್ಲಿ, ಆರು ತಿಂಗಳು ಪುಕ್ಕಟೆ ದುಡಿದು. ಆದರೂ ಆ ಮೂರು ವರ್ಷ ಬೇಡವಾಗಿತ್ತು ಅಂತ ನಾನು ಹೇಳಲಾರೆ. ಪಿಯುಸಿ ಆದ ಕೂಡಲೇ ಗಂಡಿನ ಕಡೆಯವರು ಮನೆಗೆ ಹೆಣ್ಣು ನೋಡೋಕೆ ಬರುತ್ತಿದ್ದರು. "ಹುಡುಗಿ ಓದ್ತಿದ್ದಾಳೆ" ಅನ್ನುವ ಒಂದು ಮಾತು ಅವರನ್ನೆಲ್ಲ ವಾಪಸ್ ಕಳಿಸಿತು. "ಹುಡುಗಿ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್" ಅಂದಿದ್ದರೆ ಆ ಮಾತು ನಡೆಯುತ್ತಿರಲಿಲ್ಲ. ಹುಡುಗಿಯರಿಗೆ ಹಾಸ್ಟೆಲ್ಲು, ಹೊತ್ತಿಗೆ ಸರಿಯಾಗಿ ಬಸ್ಸು ಇಲ್ಲದೆ ಈ ಯೋಜನೆ ಅರ್ಧ ಊರಿಗೆ ಮಾತ್ರ.

ಈ ದಾರಿ ಹಿಡಿದರೆ ಓದು ಅಲ್ಲಿಗೇ ನಿಂತಿತು ಅಂತಲ್ಲ. ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾದಿಂದ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹತ್ತನೇ ಕ್ಲಾಸಿನಲ್ಲೇ ಹೇಳಬೇಕು.

ನನಗೆ ಹೆಚ್ಚು ಸಂಕಟವಾಗುವುದು ಪಕ್ಕದ ಮನೆಯ ಹುಡುಗನನ್ನು ನೋಡಿದಾಗ. ಪಿ.ಬಿ. ರಸ್ತೆ ಹಿಂದಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಆರು ವರ್ಷದಿಂದ ಇದ್ದಾನೆ. ಶಾಫ್ಟ್ ತಿರುವುವುದರಲ್ಲಿ ನನ್ನ ತಮ್ಮನಿಗಿಂತ ಅವನ ಕೈ ಪಳಗಿದೆ. ಆದರೆ ಅವನ ಹತ್ತಿರ ಒಂದು ಚೀಟಿಯೂ ಇಲ್ಲ. ಬೆಂಗಳೂರಿಗೆ ಕೆಲಸ ಕೇಳಲು ಹೋದಾಗ ಗೇಟಿನಲ್ಲೇ ಸರ್ಟಿಫಿಕೇಟ್ ಕೇಳಿದರು, ವಾಪಸ್ ಬಂದ. ನಮ್ಮೂರಿನ ಹುಡುಗರು ಜಾಸ್ತಿ ಕಲಿಯುವುದು ಇಂಥ ಐದಾರು ಜನರ ಅಂಗಡಿಗಳಲ್ಲೇ. ಅವಕ್ಕೆ ಕಾಯ್ದೆಯ ಕಡ್ಡಾಯವಿಲ್ಲ. ಆದರೆ ನಾಲ್ಕು ಜನರಿದ್ದರೂ ಇಷ್ಟವಿದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು, ಹಲವು ಮಾಲೀಕರು ಸೇರಿ ಕಲಿಸಲೂಬಹುದು. ಸರ್ಕಾರದವರು ಹೋಗಬೇಕಾದದ್ದು ಮೊದಲು ಈ ಓಣಿಗಳಿಗೆ.

ಕಳೆದ ವಾರ ನಾನೇ ಆ ವರ್ಕ್‌ಶಾಪಿನ ಮಾಲೀಕರ ಹತ್ತಿರ ಹೋಗಿದ್ದೆ. ಸ್ಟೈಪೆಂಡಿನ ಮಾತು ಬಂದಾಗ ಮುಖ ಗಂಟು ಹಾಕಿದರು. ಸರ್ಕಾರ ಕಾಲು ಭಾಗ ಹೊರುತ್ತದೆ ಅಂದಾಗ ಮೆಷಿನ್ ನಿಲ್ಲಿಸಿ ಕೇಳಿದರು. "ಆನ್‌ಲೈನ್ ಅರ್ಜಿ ಎಲ್ಲಾ ನಂಗೆ ಬರಲ್ಲವ್ವಾ, ನೀನೇ ತುಂಬಿಕೊಡು, ಮುಂದಿನ ಬ್ಯಾಚಿಗೆ ಇಬ್ಬರನ್ನ ತಗೋತೀನಿ" ಅಂದರು. ಭಾನುವಾರ ಅವರ ಕಾಗದಪತ್ರ ತಗೊಂಡು ಕೂರುತ್ತಿದ್ದೇನೆ.