ಭಾಗ 3: ಮಹತ್ವದ ಹೇಳಿಕೆ – ಲಕ್ಷ್ಮೀದೇವಿ ದೇವಾಲಯ, ದೊಡ್ಡಗದ್ದವಳ್ಳಿ, ಹಾಸನ ತಾಲ್ಲೂಕು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಹೊಯ್ಸಳ ಶೈಲಿಯ ಅತಿ ಹಳೆಯ ಕಟ್ಟಡಗಳಲ್ಲಿ ಒಂದು. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113ರ ಸುಮಾರಿಗೆ ಕಟ್ಟಿದ್ದು. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಅಂದರೆ ಹೊಯ್ಸಳ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಆ ತುಂಬು ಕೆತ್ತನೆಗಿಂತ ಸ್ವಲ್ಪ ಮುಂಚಿನ ಕೆಲಸ ಇದು.

ಈ ಕಟ್ಟಡದ ಮಹತ್ವ ಮುಖ್ಯವಾಗಿ ಅದರ ವಿನ್ಯಾಸದಲ್ಲಿದೆ, ಕೆತ್ತನೆಯಲ್ಲಲ್ಲ. ಇದು ಈ ವರದಿಯ ಖಚಿತ ನಿಲುವು. ಬೇಲೂರಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದವರು ಗೋಡೆ ನೋಡಿ 'ಇಷ್ಟೇನಾ' ಅನ್ನುವುದುಂಟು. ಬೇಲೂರಿನ ಅಳತೆಗೋಲು ಹಿಡಿದರೆ ಹಾಗೆಯೇ ಅನ್ನಿಸುತ್ತದೆ. ಇಲ್ಲಿ ನೋಡಬೇಕಾದ್ದು ಬೇರೆ. ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ, ನಾಲ್ಕು ಶಿಖರ. ಇಂಥ ಚತುಷ್ಕೂಟ ಹೊಯ್ಸಳರ ಕಟ್ಟಡಗಳಲ್ಲಿ ಇನ್ನೊಂದು ತಿಳಿದಿಲ್ಲ. ಗೋವಿಂದನಹಳ್ಳಿಯಲ್ಲಿ ಐದು ಗುಡಿಗಳಿವೆ ನಿಜ, ಆದರೆ ಅವು ಒಂದೇ ಸಾಲಿನಲ್ಲಿ ನಿಂತಿವೆ. ಇಲ್ಲಿ ಗುಡಿಗಳು ದಿಕ್ಕಿಗೊಂದರಂತೆ ಕೂಡಿಕೊಂಡಿವೆ.

ಶಿಖರಗಳಲ್ಲಿ ಲಕ್ಷ್ಮಿಯ ಗುಡಿಯ ಮೇಲಿನದಕ್ಕೆ ಮಾತ್ರ ತುಂಬು ಅಲಂಕಾರ. ಉಳಿದ ಮೂರು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುವ ಸಾದಾ ಕದಂಬ ನಾಗರ ಮಾದರಿ. ಇವು 'ಅರ್ಧಕ್ಕೆ ಬಿಟ್ಟ ಕೆಲಸ' ಅಲ್ಲ. ಯಾವ ದೇವರು ಮುಖ್ಯ ಅನ್ನುವುದನ್ನು ಕಟ್ಟಿದವರು ದೂರದಿಂದಲೇ ತೋರಿಸಿದ್ದಾರೆ ಎಂದು ನಾವು ಓದುತ್ತೇವೆ. ಹಳೆಯ ಮಾದರಿಯೂ ಹೊಸ ಮಾದರಿಯೂ ಒಂದೇ ಕಟ್ಟಡದ ಮೇಲೆ ಪಕ್ಕಪಕ್ಕ ನಿಂತಿರುವುದು ವಾಸ್ತುವಿನ ಇತಿಹಾಸ ಓದುವವರಿಗೆ ದೊಡ್ಡ ಸಾಕ್ಷಿ.

ಸುತ್ತ ಕಲ್ಲಿನ ಪ್ರಾಕಾರ. ಒಳಗೆ ಬರುವ ಮಂಟಪಕ್ಕೆ ತಿರುಗಣಿಯಲ್ಲಿ ಕಡೆದಂಥ ನುಣುಪಾದ ಗುಂಡು ಕಂಬಗಳು. ಅಂಗಳದ ಮೂಲೆಮೂಲೆಗೆ ಗೋಡೆಗೆ ಅಂಟಿಕೊಂಡ ಒಂದೊಂದು ಚಿಕ್ಕ ಗುಡಿ, ಅವಕ್ಕೂ ಶಿಖರವಿದೆ. ಪ್ರಾಕಾರ, ಮೂಲೆ ಗುಡಿ, ಅಂಗಳ, ಪಕ್ಕದ ಕೆರೆ ಎಲ್ಲ ಸೇರಿ ಒಂದು ಘಟಕ. ಮೂಲೆ ಗುಡಿಗಳನ್ನು ಎರಡನೇ ದರ್ಜೆಗೆ ಇಳಿಸಿ, ಮುಖ್ಯ ಕಟ್ಟಡದ ಹಣ ಉಳಿದರೆ ಆಮೇಲೆ ನೋಡೋಣ ಅನ್ನುವುದನ್ನು ಈ ವರದಿ ಒಪ್ಪುವುದಿಲ್ಲ.

ಕಟ್ಟಿಸಿದವರು ಅರಸರಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹೊಯ್ಸಳರ ಕಾಲದ ಕಟ್ಟಡಗಳನ್ನು ರಾಜರ ಲೆಕ್ಕಕ್ಕೇ ಬರೆಯುವ ಅಭ್ಯಾಸ ಜಾಸ್ತಿ. ಇಲ್ಲಿ ವ್ಯಾಪಾರದ ದುಡ್ಡು ಕಲ್ಲಾಗಿದೆ, ಜೊತೆಗೆ ಹೆಂಗಸೊಬ್ಬಳ ಹೆಸರು ಉಳಿದಿದೆ. ಮುಖ್ಯ ದೇವರಾಗಿ ಲಕ್ಷ್ಮಿಯೇ ಇರುವ ಹೊಯ್ಸಳ ಗುಡಿಗಳೂ ಅಪರೂಪ.

ಉತ್ತರದ ಕಾಳಿ ಗುಡಿ ಬೇರೆಯೇ ಒಂದು ಲೋಕ. ಬಾಗಿಲ ಬಳಿ ಆಳೆತ್ತರದ ಎರಡು ಬೇತಾಳಗಳು, ಎಲುಬು ಎದ್ದುಕಂಡ ಮೈ. ಲಕ್ಷ್ಮಿ, ಕಾಳಿ, ಭೂತನಾಥ ಲಿಂಗ ಒಂದೇ ಸೂರಿನಡಿ ಇರುವುದು 12ನೇ ಶತಮಾನದ ಭಕ್ತಿಯ ಹರವನ್ನು ಹೇಳುತ್ತದೆ. ಕಾಳಿಯ ವಿಗ್ರಹ 2020ರಲ್ಲಿ ಮುರಿಯಿತು. ಊರಿನವರಿಗೆ ಆಗ ಆದ ನೋವು ಸ್ಮಾರಕ ಕೆಟ್ಟಿತು ಅನ್ನುವ ನೋವಲ್ಲ, ದೇವರು ಮುಕ್ಕಾದ ನೋವು. ಆದ್ದರಿಂದ ಸಾಮಾಜಿಕ ಮತ್ತು ಧಾರ್ಮಿಕ ಮಹತ್ವವನ್ನು ಇಲ್ಲಿ ಕಡೆಯ ಸಾಲಿಗೆ ತಳ್ಳಿಲ್ಲ. ವಿಗ್ರಹಗಳ ವಿಷಯದಲ್ಲಿ ಊರಿನವರನ್ನು ಕೇಳದೆ ಯಾವ ಕೆಲಸವೂ ಶುರುವಾಗಬಾರದು.

ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಉಜ್ಜಿದರೆ ಉಳಿಯ ಗುರುತೇ ಅಳಿಸಿಹೋಗುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ನೀರು ಒಳಗೇ ಸಿಕ್ಕಿಕೊಂಡು ಉಪ್ಪು ಬಿಡುತ್ತದೆ, ಕಲ್ಲಿನ ಮೈ ಸಿಪ್ಪೆ ಏಳುತ್ತದೆ. ಸಾದಾ ಗೋಡೆ ಅಂದರೆ ಕೆಡಲು ಏನೂ ಇಲ್ಲ ಅನ್ನುವುದು ತಪ್ಪು ಲೆಕ್ಕ.

ಮಹತ್ವದ ಕ್ರಮ ಹೀಗಿದೆ. ನಾಲ್ಕು ಗುಡಿಗಳ ವಿನ್ಯಾಸ, ಶಿಖರಗಳು, ಮೂಲೆ ಗುಡಿಗಳು, ಪ್ರಾಕಾರ, ಶಾಸನ, ಬೇತಾಳಗಳು ಮತ್ತು ನಡೆಯುತ್ತಿರುವ ಪೂಜೆ ಅತ್ಯುನ್ನತ. ಕೆರೆಯ ಕಡೆಯಿಂದ ಶಿಖರಗಳು ಒಟ್ಟಿಗೆ ಕಾಣುವ ನೋಟವೂ ಅಷ್ಟೇ ಮುಖ್ಯ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನೋಟ ಉಳಿಸಲು ಇದು ಸಾಲದಿದ್ದರೆ, ಕೆರೆಯಂಚಿನ ಬಗ್ಗೆ ಪಂಚಾಯಿತಿ ಜೊತೆ ಬೇರೆ ಒಪ್ಪಂದ ಬೇಕು. ಇತ್ತೀಚಿನ ವೈರು, ದೀಪ, ಫಲಕಗಳಿಗೆ ಮಹತ್ವವಿಲ್ಲ. ಅವನ್ನು ತೆಗೆಯಬಹುದು, ಆದರೆ ಕಲ್ಲಿಗೆ ಹೊಡೆದ ಮೊಳೆಯನ್ನು ಸುಮ್ನೆ ಕಿತ್ತು ಎಳೆಯುವಂತಿಲ್ಲ.