ಶರಣು, ನೀ ಬಿಟ್ಟ ಸರಿ ಉತ್ತರಕ್ಕಿಂತ ನೀ ಹಿಡ್ದ ತಪ್ಪು ಉತ್ತರದ ಬಗ್ಗೆ

ಶರಣು, ಈ ಸಲದ ಟೆಸ್ಟ್ ಪೇಪರಿಂದು ನಿನ್ ಓಎಂಆರ್ ಪೂರಾ ನೋಡ್ದೆ. ಮೊದ್ಲೇ ಹೇಳ್ತೀನಿ, ಓದು ಕಮ್ಮಿ ಆಗಿ ನಿನ್ ಮಾರ್ಕ್ಸ್ ಹೋಗ್ಲತ್ತಿಲ್ಲ. ತಪ್ಪಾದವು ಒಂದೊಂದೇ ತೆಗ್ದು ನೋಡಿದ್ರ ಎಲ್ಲಾದ್ರಾಗೂ ಒಂದೇ ಕಥಿ ಅದ, ನಾಕು ಆಪ್ಷನ್‌ದಾಗ ಎರಡು ಸರಿಯಾಗೇ ಹೊಡ್ದು ಹಾಕ್ತಿ, ಉಳ್ದ ಎರಡ್ರಾಗ ತಪ್ಪಿಂದೇ ಹಿಡೀತಿ, ಆಮ್ಯಾಲ ಕೀ ನೋಡಿ "ಅಯ್ಯ ಅಕ್ಕಾ, ಇದೇ ಹಾಕಬೇಕಂತಿದ್ದೆ" ಅಂತಿ. ಏನೂ ಗೊತ್ತಿಲ್ದವ ಖಾಲಿ ಬಿಟ್ರ ಅವನಿಗಿ ಸೊನ್ನೆ, ಅರ್ಧ ಗೊತ್ತಿದ್ದ ನಿನಗ ಕಾಲು ಮಾರ್ಕ್ಸ್ ಕಟ್. ಇದು ಅನ್ಯಾಯ ಅನಸ್ತದ, ಖರೆ, ಆದ್ರ ಎಕ್ಸಾಮ್ ಹಂಗೇ ಅದ.

ಕ್ಲಾಸಿನಾಗ ಸರಿ ಉತ್ತರ ಹೇಳಿ ಹೇಳಿ ನನಗೂ ಸಾಕಾಗ್ಯಾದ. ಸರಿ ಉತ್ತರ ಕೇಳ್ದಾಗ ನೀ ತಲಿ ಅಲ್ಲಾಡಸ್ತಿ, ಯಾಕಂದ್ರ ಅದು ನಿನಗ ಮೊದ್ಲೇ ಗೊತ್ತಿರ್ತದ. ಅದಕ್ಕ ಇವತ್ತು ತಪ್ಪು ಆಪ್ಷನ್ ಯಾಕ್ ತಪ್ಪು ಅನ್ನೋದಷ್ಟೇ ಬರೀತೀನಿ. ಪ್ರಶ್ನಿಪತ್ರಿಕಿ ಬಾಜೂಕ ಇಟ್ಕೊಂಡು ಓದು.

ಮೊದ್ಲು 371(ಜೆ) ತಗೋ, ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನಮಾನ ಕೊಟ್ಟ ವಿಧಿ, ನಮ್ಮ ಭಾಗದ ಹುಡುಗ್ರು ಇದ್ರಾಗ ತಪ್ಪಬಾರದು. ಪ್ರಶ್ನಿ: "ಸಂವಿಧಾನಕ್ಕೆ 371(ಜೆ) ವಿಧಿಯನ್ನು ಯಾವ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿಸಲಾಯಿತು?" ಎ) 97, ಬಿ) 98, ಸಿ) 99, ಡಿ) 118. ನೀ ಡಿ ಹಾಕಿದಿ. 118 ನಿನಗ ಎಲ್ಲಿಂದ ಬಂತು ಅಂತ ನನಗ ಗೊತ್ತದ, ನೋಟ್ಸಿನಾಗ ಬರ್ದಿದ್ದಿ, ಮತ್ತ ಅದು ಸುಳ್ಳಲ್ಲ. 2012ರಾಗ ಪಾರ್ಲಿಮೆಂಟಿಗಿ ಬಂದಿದ್ದು 118ನೇ ತಿದ್ದುಪಡಿ ಮಸೂದೆ ಅಂತೇ. ಮಸೂದೆಗಿ ನಂಬರ್ ಕೊಡೋದು ಮಂಡನೆ ಆದಾಗ, ಎಷ್ಟೋ ಮಸೂದೆ ಪಾಸೇ ಆಗಲ್ಲ, ಹಿಂಗಾಗಿ ಪಾಸಾಗಿ ಕಾಯ್ದೆ ಆದಾಗ ಬರೋ ನಂಬರ್ ಬ್ಯಾರೆ, ಅದು 98. ಪ್ರಶ್ನಿದಾಗ "ಕಾಯ್ದೆ" ಅನ್ನೋ ಒಂದು ಪದ ಅದ ನೋಡು, ನಿನ್ ಡಿ ಸಾಯೋದು ಅಲ್ಲೇ. ಅದೇ ಜಾಗದಾಗ "ಮಸೂದೆ" ಅಂತ ಇದ್ದಿದ್ರ ನಿಂದೇ ಸರಿ, ಬಿ ತಪ್ಪು. ಇದು ಒಂದೇ ಸಲ ಬರೋ ಆಟ ಅಲ್ಲ ಮತ್ತ. ಜಿಎಸ್‌ಟಿ ಮಸೂದೆ 122, ಕಾಯ್ದೆ 101. ಮಹಿಳಾ ಮೀಸಲಾತಿ ಮಸೂದೆ 128, ಕಾಯ್ದೆ 106. ಪೇಪರ್ ತೆಗಿಯೋರಿಗಿ ಇದು ಭಾಳ ಪ್ರೀತಿ. ಇನ್ನ ಎ ಯಾಕ್ ತಪ್ಪು? 97 ಸಹಕಾರ ಸಂಘಗಳದ್ದು, 2011. ಸಿ ಯಾಕ್ ತಪ್ಪು? 99 ಜಡ್ಜ್‌ಗಳ ನೇಮಕಾತಿ ಆಯೋಗದ್ದು, 2014, ಅದನ್ನ ಮರುವರ್ಷನೇ ಸುಪ್ರೀಂ ಕೋರ್ಟ್ ಹೊಡ್ದು ಹಾಕ್ತು. ಎ ಮತ್ತ ಸಿ ಅಲ್ಲಿ ಕೂತಿದ್ದು ಬರೀ 98ರ ಆಜುಬಾಜು ಅವ ಅಂತ. ಆದ್ರ ಡಿ ಕೂತಿದ್ದು ನಿನ್ನಂಥ ಓದಿದ ಹುಡುಗನ ಸಲುವಾಗಿ, ಓದದವ 118 ಕಡಿ ನೋಡೋದೂ ಇಲ್ಲ.

ಈ ಮಾತು ತಲ್ಯಾಗ ಇಟ್ಕೋ. ಕೊನಿಗಿ ಉಳಿಯೋ ಎರಡ್ರಾಗಿನ ತಪ್ಪು ಉತ್ತರ ಬಹಳ ಸಲ ಖರೆ ಮಾತೇ ಇರ್ತದ, ಬ್ಯಾರೆ ಪ್ರಶ್ನಿಗಿ. ಆಪ್ಷನ್ ಓದಿದ ಕೂಡ್ಲೆ "ಇದು ಖರೆ ಅದ ಏನು" ಅಂತ ನೀ ಕೇಳ್ಕೋತಿ, ಕೇಳ್ಕೋಬೇಕಾಗಿದ್ದು "ಇವ್ರು ಕೇಳಿದ್ದು ಇದೇ ಏನು" ಅಂತ.

ಬಹಮನಿ ಪ್ರಶ್ನಿದಾಗೂ ಇದೇ ಆಗ್ಯಾದ. "ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದವರು" ಅಂತ ಕೇಳ್ಯಾರ, ನೀ ಮಹಮೂದ್ ಗವಾನ್ ಹಾಕಿದಿ. ಬೀದರ್ ಅಂದ್ ಕೂಡ್ಲೆ ಗವಾನ್ ಮದರಸಾ ಕಣ್ಣ್ ಮುಂದ ಬಂತು, ಅಷ್ಟೇ ಸಾಕಾಯ್ತು ನಿನಗ. ಮದರಸಾ ಕಟ್ಟಿದ್ದು 1472, ಅಷ್ಟೊತ್ತಿಗಿ ಬೀದರ್ ರಾಜಧಾನಿ ಆಗಿ ಎಷ್ಟೋ ವರ್ಷ ಆಗಿತ್ತು, ಮ್ಯಾಲಾಗಿ ಗವಾನ್ ಮಂತ್ರಿ, ಸುಲ್ತಾನ ಅಲ್ಲ. ಹಸನ್ ಬಹಮನ್ ಷಾ 1347ರಾಗ ರಾಜ್ಯ ಶುರು ಮಾಡಿ ಕಲಬುರಗಿನ್ನೇ ರಾಜಧಾನಿ ಮಾಡ್ಕೊಂಡವ, ಅವ ಇಲ್ಲಿಗಿ ತಂದವ, ಇಲ್ಲಿಂದ ಒಯ್ದವ ಅಲ್ಲ. ಫಿರೋಜ್ ಷಾನ್ನ ನೀ ಹೊಡ್ದು ಹಾಕಿದ್ದು ಸರಿ ಅದ, ಆದ್ರ ಯಾಕ್ ಹೊಡ್ದಿ ಅಂತ ಕೇಳಿದ್ರ ನೀ ಹೇಳಲ್ಲ ಅಂತ ನನಗ ಅನಸ್ತದ. ಅವ ಭೀಮಾ ದಂಡಿಮ್ಯಾಲ ಫಿರೋಜಾಬಾದ್ ಕಟ್ಟಿಸ್ದ, ಬೀದರಿಗಿ ಹೋಗ್ಲಿಲ್ಲ. 1422ರಾಗ ಅವನ ಗಾದಿಮ್ಯಾಲ ಕೂತ ತಮ್ಮ ಅಹ್ಮದ್ ಷಾ ಹೋದ, ಅಷ್ಟೂರಿನಾಗ ಅವನ ಗುಂಬಜ್ ಇನ್ನಾ ಅದ, ಬೀದರಿಗಿ ಹ್ವಾದಾಗ ನೋಡ್ಕೊಂಡು ಬಾ.

ಬಿದರಿ ಕೆಲಸದ ಪ್ರಶ್ನಿ. "ಎರಕದಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಲೋಹ". ಬೆಳ್ಳಿ, ತಾಮ್ರ, ಸತು, ಕಬ್ಬಿಣ. ನೀ ಮೊದ್ಲು ಬೆಳ್ಳಿ ಗುರ್ತು ಮಾಡಿ, ಹೊಡ್ದು, ಆಮ್ಯಾಲ ತಾಮ್ರ ಮಾಡಿದಿ. ಬೆಳ್ಳಿ ಬಿಟ್ಟಿದ್ದು ಛಲೋ ಆಯ್ತು, ಬೆಳ್ಳಿ ಎರಕದಾಗ ಇರೋದೇ ಇಲ್ಲ, ಎರಕ ಹೊಯ್ದು, ಮ್ಯಾಲ ಕೆತ್ತಿ, ಆ ಗೆರಿದಾಗ ಕೂಡ್ಸೋದು ಬೆಳ್ಳಿ. ತಾಮ್ರ ಎರಕದಾಗ ಇರ್ತದ, ಇದು ಖರೆ, ಅದಕ್ಕೇ ನಿನಗ ಅದು ಸರಿ ಅನಿಸ್ತು. ಆದ್ರ "ಅತಿ ಹೆಚ್ಚು" ಅಂದ್ರ? ಎರಕದ ದೊಡ್ಡ ಪಾಲು ಸತುವಿಂದು, ತಾಮ್ರ ಅದ್ರಾಗ ಒಂಚೂರು. ಕಬ್ಬಿಣ ಹಾಕಿದ್ದು ಸಾಮಾನು ಕರ್ರಗ ಕಾಣ್ತದಂತ, ಆ ಕರಿ ಬಣ್ಣ ಕಬ್ಬಿಣದ್ದಲ್ಲ, ಬೀದರ್ ಕೋಟಿ ಮಣ್ಣು ನವಸಾಗರ ಕೂಡ್ಸಿ ಹಚ್ಚಿದಾಗ ಸತುವಿನ ಮ್ಯಾಲ ಬರೋದು. ಅತಿ, ಮಾತ್ರ, ಮೊದಲ, ನೇರವಾಗಿ, ಅಲ್ಲ, ಇಂಥ ಪದದ ಕೆಳಗ ಪೆನ್ನಿಲೆ ಗೆರಿ ಎಳೀದೆ ಆಪ್ಷನ್ ಕಡಿ ಹೋಗಬ್ಯಾಡ.

ದ್ವಿದಳ ಬೆಳಿ ಬೇರಿನ ಗಂಟಿನಾಗ ಇದ್ದು ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಯಾವ್ದು ಅನ್ನೋ ಪ್ರಶ್ನಿ ಬಗ್ಗೆ ಜಾಸ್ತಿ ಹೇಳಲ್ಲ. ಅಜಟೋಬ್ಯಾಕ್ಟರ್ ಹಾಕಿದಿ, ಅದೂ ಸಾರಜನಕ ಸ್ಥಿರೀಕರಣ ಮಾಡ್ತದ, ಆದ್ರ ಮಣ್ಣಾಗ ಸ್ವತಂತ್ರ ಇದ್ದು ಮಾಡ್ತದ, ಗಂಟಿನಾಗ ಅಲ್ಲ. "ಗಂಟು" ಅನ್ನೋ ಪದ ನೀ ಓದೇ ಇಲ್ಲ. ನೈಟ್ರೋಸೊಮೊನಾಸ್ ಅಮೋನಿಯಾನ ನೈಟ್ರೈಟ್ ಮಾಡ್ತದ, ಗಾಳ್ಯಾಗಿನ ಸಾರಜನಕ ಹಿಡ್ಯಲ್ಲ. ಉತ್ತರ ರೈಜೋಬಿಯಂ, ಅದು ನಿನಗ ಗೊತ್ತೇ ಅದ.

ಈಗ ನಿನ್ನ ನಿಜವಾದ ಜಡ್ಡು, ಹೇಳಿಕೆ-ಕಾರಣ ಪ್ರಶ್ನಿ. ಇವು ಬಂದಾವಂದ್ರ ನೀ ಕಣ್ಣ್ ಮುಚ್ಚಿ "ಎರಡೂ ಸರಿ, ಕಾರಣ ಸರಿಯಾದ ವಿವರಣೆ" ಅಂತ ಎ ಹಾಕ್ಲತ್ತಿದಿ. ಹೇಳಿಕೆ: "ರಾಜ್ಯಸಭೆ ವಿಸರ್ಜನೆಯಾಗದ ಕಾಯಂ ಸದನ." ಕಾರಣ: "ರಾಜ್ಯಸಭೆ ಸದಸ್ಯರ ಅವಧಿ 6 ವರ್ಷ." ಹೇಳಿಕೆ ಸರಿ, ಕಾರಣನೂ ಸರಿ, ಹಿಂಗಾಗಿ ಸಿ ಮತ್ತ ಡಿ ಹೋದ್ವು, ಯಾಕಂದ್ರ ಒಂದ್ರಾಗ ಕಾರಣ ಸುಳ್ಳು ಅಂತದ, ಇನ್ನೊಂದ್ರಾಗ ಹೇಳಿಕೆ ಸುಳ್ಳು ಅಂತದ. ಉಳ್ದಿದ್ದು ಎ ಮತ್ತ ಬಿ. ಈಗ ಎರಡು ವಾಕ್ಯದ ನಡು "ಯಾಕಂದ್ರ" ಹಾಕಿ ಜೋರಾಗಿ ಓದು. ರಾಜ್ಯಸಭೆ ವಿಸರ್ಜನೆ ಆಗಲ್ಲ, ಯಾಕಂದ್ರ ಮೆಂಬರ್ ಅವಧಿ 6 ವರ್ಷ. ಕಿವಿಗಿ ಸರಿ ಅನಸ್ತದಾ? ಅನಿಸಿದ್ರ ಇನ್ನೊಂದು ಕೆಲಸ ಮಾಡು, ಎಲ್ಲಾ ಮೆಂಬರ್‌ಗಳೂ ಒಂದೇ ದಿನ ಆರ್ಸಿ ಬಂದಾರಂತ ತಿಳ್ಕೋ, ಅವಧಿ 6 ವರ್ಷನೇ ಇರ್ಲಿ. ಆರು ವರ್ಷ ಮುಗ್ದ ದಿನ ಸದನ ಪೂರಾ ಖಾಲಿ. ಅಂದ್ರ 6 ವರ್ಷ ಇದ್ದದ್ದಕ್ಕ ಸದನ ಕಾಯಂ ಆಗಲ್ಲ, ಎರಡು ವರ್ಷಕ್ಕೊಮ್ಮೆ ಮೂರ್ನೇ ಒಂದು ಭಾಗ ಅಷ್ಟೇ ನಿವೃತ್ತಿ ಆಗ್ತದಲ್ಲ, ಅದಕ್ಕ ಯಾವತ್ತೂ ಪೂರಾ ಖಾಲಿ ಆಗಲ್ಲ. ನಿನ್ ಎ ಬಿದ್ದಿದ್ದು ಇಲ್ಲಿ. ಎರಡೂ ಖರೆ, ಒಂದಕ್ಕೊಂದು ಸಂಬಂಧಿಕ್ರೇ, ಆದ್ರ ಇದ್ರಿಂದ ಅದು ಆಗಿದ್ದಲ್ಲ. ಉತ್ತರ ಬಿ. ಈ ಥರ ಪ್ರಶ್ನಿ ಬಂದಾಗೆಲ್ಲ ಕಾರಣ ಹಂಗೇ ಇಟ್ಟು ಉಳದಿದ್ದು ಬದಲ್ ಮಾಡಿ ನೋಡು, ಹೇಳಿಕೆ ಬಿದ್ರ ಆ ಕಾರಣ ಅದಕ್ಕ ಸಾಲಲ್ಲ.

ಗದ್ಯಭಾಗ ಇನ್ನೊಂದು. ಅದ್ರಾಗ ಇದ್ದದ್ದು ಇಷ್ಟು: "ತೊಗರಿ ಆಳಕ್ಕೆ ಬೇರು ಬಿಡುವ ಬೆಳೆ. ಮಳೆ ನಿಂತ ಮೇಲೂ ಕೆಳಪದರದ ತೇವ ಹೀರಿ ನಿಲ್ಲುತ್ತದೆ. ಆದರೆ ಹೊಲದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಬಾಡುತ್ತದೆ. ಹೀಗಾಗಿ ಕೆಲವು ವರ್ಷ ಬರಕ್ಕಿಂತ ಬಸಿಯದ ನೀರೇ ರೈತನಿಗೆ ಹೆಚ್ಚು ನಷ್ಟ ತರುತ್ತದೆ." ಮುಖ್ಯ ಅಭಿಪ್ರಾಯ ಏನು ಅಂತ ಕೇಳ್ಯಾರ. ನೀ ಹಾಕಿದ್ದು "ತೊಗರಿಯ ಬೇರು ಆಳಕ್ಕೆ ಹೋಗುತ್ತದೆ". ಮೊದಲ್ನೇ ವಾಕ್ಯದಾಗೇ ಅದ, ಅಕ್ಷರ ಅಕ್ಷರ ಹೊಂದ್ತದ, ಅದಕ್ಕೇ ನಿನಗ ಧೈರ್ಯ ಬಂತು. ಆದ್ರ ಕೊನೇ ಎರಡು ವಾಕ್ಯ ಎದರ ಬಗ್ಗೆ ಮಾತಾಡ್ತಾವ? ನಿಂತ ನೀರಿನ ಬಗ್ಗೆ. ಬರಿಯೋರು "ಆದರೆ" ಅಂದ ಮ್ಯಾಲ ಹೇಳೋದೇ ಅವರ ಮಾತು, ಅದರ ಹಿಂದಿಂದು ಪೀಠಿಕಿ. "ತೊಗರಿಗೆ ನೀರು ಬೇಕಾಗಿಲ್ಲ" ಅನ್ನೋದು ತಪ್ಪು, ಗದ್ಯದಾಗ ತೇವ ಹೀರ್ತದಂತ ಅದ, ಬೇಕಾಗಿಲ್ಲ ಅಂತ ಎಲ್ಲಿ ಅದ? "ರೈತರು ಬೇರೆ ಬೆಳೆ ಬೆಳೆಯಬೇಕು" ಅನ್ನೋದು ಕಟ್ಟಿ ಮ್ಯಾಲ ಕೂತೋರ ಮಾತು, ಗದ್ಯದ್ದಲ್ಲ. ನಿಮ್ಮಪ್ಪಾಜಿ ಹೊಲದಾಗ ಏನಾಗ್ತದ ಅನ್ನೋದು ಗದ್ಯಭಾಗಕ್ಕ ತರಬ್ಯಾಡ, ನೀ ಅದನ್ನ ತಂದಿದಿ ಅಂತ ನನಗ ಗೊತ್ತಾಗ್ತದ.

ಮುಂದಿನ ಐತಾರ ಪೇಪರಿನಾಗ ಹೊಸಾ ಓದು ಏನೂ ಬ್ಯಾಡ. ಸರಿ ಅನಿಸಿದ್ದಕ್ಕ ಗುರ್ತು ಹಾಕೋಕಿಂತ ಮೊದ್ಲು, ಬಿಟ್ಟ ಮೂರು ಆಪ್ಷನ್ ಬಾಜೂಕ ಒಂದೊಂದೇ ಪದ ಬರಿ, ಯಾಕ್ ಬಿಟ್ಟಿ ಅಂತ. "ಮಸೂದೆ", "ಮಂತ್ರಿ", "ಕಮ್ಮಿ", "ಗಂಟಿಲ್ಲ", ಇಷ್ಟೇ ಇಷ್ಟು. ಪದ ಬರಿಲಿಕ್ಕಿ ಬರ್ಲಿಲ್ಲ ಅಂದ್ರ ಆ ಆಪ್ಷನ್ ನೀ ಬಿಟ್ಟಿಲ್ಲ, ಅದರ ಮ್ಯಾಲಿಂದ ಹಾರಿದಿ ಅಂತ ಅರ್ಥ. ಎರಡು ಉಳ್ದು ಎರಡಕ್ಕೂ ಪದ ಸಿಗ್ಲಿಲ್ಲ ಅಂದ್ರ ಆಪ್ಷನ್ ಮತ್ತ ಮತ್ತ ಓದಬ್ಯಾಡ, ಪ್ರಶ್ನಿಗಿ ವಾಪಸ್ ಹೋಗು. ಟೈಮ್ ಸಾಲಲ್ಲ ಅಂತಿ, ಮೊದ್ಲು ಸಾಲಲ್ಲ, ಖರೆ. ಪೂರಾ ಮುಗಿಲಿಲ್ಲಂದ್ರೂ ನಡೀತದ, ಎಷ್ಟು ಮಾಡಿದ್ಯೋ ಅಷ್ಟೇ ತಾ.

ಹಾಂ, ಇನ್ನೊಂದು. ಕಲ್ಯಾಣ ಕರ್ನಾಟಕದಾಗ ಜಿಲ್ಲೆ ಎಷ್ಟು ಅನ್ನೋದಕ್ಕ ನೀ 7 ಹಾಕಿದಿ, ಕೀ 6 ಅಂತದ. ಅದೊಂದ್ರಾಗ ತಪ್ಪು ನಿಂದಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಆರು, 2021ರಾಗ ಬಳ್ಳಾರಿ ಒಡ್ದು ವಿಜಯನಗರ ಆದ ಮ್ಯಾಲ ಏಳು. ಆ ಪ್ರಶ್ನಿ ಹಳೇ ಪೇಪರಿಂದ ಎತ್ತಿದ್ದು, ಕೀ ಯಾರೂ ತಿದ್ದಿಲ್ಲ. ಕಾಲು ಮಾರ್ಕ್ಸ್ ಕಟ್ ಮಾಡಿದ್ದು ತೆಗ್ದು ಪೂರಾ ಮಾರ್ಕ್ಸ್ ಕೂಡ್ಸಿನಿ, ಟೋಟಲ್ ಮತ್ತೊಮ್ಮೆ ನೋಡ್ಕೋ.